ಸರ್ವರ್ ಕೊಠಡಿಯ ಉಷ್ಣಾಂಶ ಏರಿಸುವ ಮುನ್ನ ಗಾಳಿಯ ದಾರಿ ಸರಿಪಡಿಸಿ

ಬೆಂಗಳೂರಿನ ಒಂದು ಕಚೇರಿಯಲ್ಲಿ ವಿದ್ಯುತ್ ಬಿಲ್ ತಗ್ಗಿಸಬೇಕೆಂದು ಸರ್ವರ್ ಕೊಠಡಿಯ ಎಸಿಯನ್ನು ಒಂದು ಬೆಳಿಗ್ಗೆ 20 ಡಿಗ್ರಿ ಸೆಲ್ಸಿಯಸ್‌ನಿಂದ 25ಕ್ಕೆ ಒಮ್ಮೆಲೇ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ರ‍್ಯಾಕುಗಳ ಮೇಲ್ಭಾಗದ ಸರ್ವರ್‌ಗಳು ಎಚ್ಚರಿಕೆಯ ಸಂದೇಶ ಕಳುಹಿಸತೊಡಗಿದವು, ಅವುಗಳ ಫ್ಯಾನುಗಳ ಸದ್ದು ಬಾಗಿಲಾಚೆಗೂ ಕೇಳುವಂತಾಯಿತು. ಸಂಜೆಗೆ ಮತ್ತೆ 20ಕ್ಕೆ ಇಳಿಸಿ, ‘ಹೆಚ್ಚಿನ ಉಷ್ಣಾಂಶ ನಮ್ಮ ಕೊಠಡಿಗೆ ಆಗಿಬರುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟರು. ಇದೇ ತಪ್ಪನ್ನು ಬೇರೆ ಕಡೆಗಳಲ್ಲೂ ನೋಡಿದ್ದೇನೆ. ಏರಿಸಬೇಕೆಂಬ ನಿರ್ಧಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಕೆಲಸದ ಕ್ರಮದಲ್ಲಿ.

ಹಿಂದಿನವರು ಕೊಠಡಿಯನ್ನು ಅಷ್ಟು ತಣ್ಣಗೆ ಇಡುತ್ತಿದ್ದುದಕ್ಕೆ ಕಾರಣಗಳಿದ್ದವು. ಒಬ್ಬೊಬ್ಬ ತಯಾರಕರು ಒಂದೊಂದು ಮಿತಿ ಹೇಳುತ್ತಿದ್ದುದರಿಂದ ಎಲ್ಲಕ್ಕಿಂತ ಬಿಗಿಯಾದುದನ್ನು ಪಾಲಿಸುವುದೇ ಕ್ಷೇಮವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ರ‍್ಯಾಕುಗಳ ಜೋಡಣೆ. ಎಲ್ಲ ಸಾಲುಗಳೂ ಶಾಲೆಯ ಬೆಂಚುಗಳಂತೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತಿದ್ದುದರಿಂದ ಮುಂದಿನ ಸಾಲು ಬಿಟ್ಟ ಬಿಸಿಗಾಳಿ ನೇರವಾಗಿ ಹಿಂದಿನ ಸಾಲಿನ ಮುಖಕ್ಕೆ ಬಡಿಯುತ್ತಿತ್ತು. ಅತಿ ಹೆಚ್ಚು ಬಿಸಿ ತಿನ್ನುವ ಯಂತ್ರವೂ ಬದುಕಬೇಕಾದರೆ ಇಡೀ ಕೊಠಡಿಯನ್ನು ತಂಪಾಗಿಸುವುದೊಂದೇ ದಾರಿಯಾಗಿತ್ತು. 2004ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆ ಆಶ್ರೇ, ತಯಾರಕರನ್ನು ಒಟ್ಟುಗೂಡಿಸಿ 20ರಿಂದ 25 ಡಿಗ್ರಿಯ ಶಿಫಾರಸನ್ನು ಪ್ರಕಟಿಸಿತು. 2008ರಲ್ಲಿ ಅದನ್ನು 18ರಿಂದ 27ಕ್ಕೆ ವಿಸ್ತರಿಸಿತು. ಈ ಅಂಕಿಗಳು ಸರ್ವರ್ ಒಳಗೆಳೆದುಕೊಳ್ಳುವ ಗಾಳಿಗೆ ಸಂಬಂಧಿಸಿದವು. ಕೊಠಡಿಯ ನಡುವಿನ ಗಾಳಿಗಾಗಲೀ ಎಸಿಗೆ ಮರಳುವ ಗಾಳಿಗಾಗಲೀ ಅವು ಅನ್ವಯಿಸುವುದಿಲ್ಲ. ಮೇಲೆ ಹೇಳಿದ ಕಚೇರಿಯವರು ಗಮನಿಸದೆ ಹೋದದ್ದು ಇದನ್ನೇ.

ಆದ್ದರಿಂದ ಮೊದಲ ಹೆಜ್ಜೆ ಅಳತೆ. ಪ್ರತಿ ರ‍್ಯಾಕಿನ ಮುಂಬಾಗಿಲಿನ ಒಳಗೆ, ಸರ್ವರ್ ಮುಖಕ್ಕೆ ಎರಡು ಬೆರಳಿನ ಅಂತರದಲ್ಲಿ, ಕೆಳಗೆ, ನಡುವೆ ಮತ್ತು ಮೇಲೆ ಹೀಗೆ ಮೂರು ಕಡೆ ಉಷ್ಣಾಂಶ ಬರೆದುಕೊಳ್ಳಿ. ಗೋಡೆಗೆ ತೂಗುಹಾಕಿದ ಅಗ್ಗದ ಥರ್ಮಾಮೀಟರುಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಎರಡನ್ನು ಪಕ್ಕಪಕ್ಕ ಇಟ್ಟರೆ ಅವೇ ಒಂದಕ್ಕೊಂದು ಎರಡು ಡಿಗ್ರಿ ವ್ಯತ್ಯಾಸ ತೋರಿಸುತ್ತವೆ. ಹೆಚ್ಚಿನ ಸರ್ವರ್‌ಗಳಲ್ಲಿ ಒಳಬರುವ ಗಾಳಿಯ ಸೆನ್ಸರ್ ಇದ್ದೇ ಇರುತ್ತದೆ. ಲಿನಕ್ಸ್ ಯಂತ್ರದಲ್ಲಿ ಅದನ್ನೂ ಫ್ಯಾನಿನ ವೇಗವನ್ನೂ ಹೀಗೆ ಓದಬಹುದು:

```
ipmitool sdr type Temperature
ipmitool sdr type Fan
```

ಆ ಕಚೇರಿಯಲ್ಲಿ ಎಸಿಯನ್ನು 20ಕ್ಕೆ ಮರಳಿಸಿದ ಮೇಲೆ ಅಳೆದಾಗ ಎಸಿ ಬಿಡುತ್ತಿದ್ದ ಗಾಳಿ 14 ಡಿಗ್ರಿ, ಅದಕ್ಕೆ ಮರಳುತ್ತಿದ್ದುದು 20, ರ‍್ಯಾಕಿನ ಕೆಳಗಿನ ಸರ್ವರ್‌ಗೆ ಸಿಗುತ್ತಿದ್ದುದು 16, ಮೇಲ್ತುದಿಯದಕ್ಕೆ 27. ಇವನ್ನು ಒಟ್ಟಿಗೆ ನೋಡಿದರೆ ಕೊಠಡಿಯ ಕಥೆ ತಿಳಿಯುತ್ತದೆ. ಅಲ್ಲಿನ ಸರ್ವರ್‌ಗಳು ತಮ್ಮೊಳಗೆ ಹಾದುಹೋಗುವ ಗಾಳಿಯನ್ನು ಸುಮಾರು 12 ಡಿಗ್ರಿ ಬಿಸಿಮಾಡುತ್ತಿದ್ದವು, ಆದರೆ ಎಸಿ ಕಂಡದ್ದು 6 ಡಿಗ್ರಿಯ ಏರಿಕೆಯನ್ನು ಮಾತ್ರ. ಅಂದರೆ ತಣ್ಣನೆಯ ಗಾಳಿಯಲ್ಲಿ ಸುಮಾರು ಅರ್ಧದಷ್ಟು ಯಾವ ಸರ್ವರನ್ನೂ ಮುಟ್ಟದೆ ಎಸಿಗೆ ಮರಳುತ್ತಿತ್ತು. ಅದೇ ಹೊತ್ತಿಗೆ ಮೇಲಿನ ಸರ್ವರ್‌ಗಳು ತಾವೇ ಉಗುಳಿದ ಬಿಸಿಗಾಳಿಯನ್ನು ಮತ್ತೆ ಕುಡಿಯುತ್ತಿದ್ದವು. ಎಸಿಗೆ ನಿಗದಿಪಡಿಸುವ ಉಷ್ಣಾಂಶ, ಅಂದರೆ ಸೆಟ್‌ಪಾಯಿಂಟ್, 25 ಆದ ದಿನ ಮೇಲ್ತುದಿಯ 27 ಎಂಬುದು 32ರ ಹತ್ತಿರ ಹೋಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನೆಯ ಹೆಜ್ಜೆಯೇ ಇಲ್ಲಿನ ನಿಜವಾದ ಕೆಲಸ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ರ‍್ಯಾಕಿನಲ್ಲಿ ಸರ್ವರ್ ಇಲ್ಲದ ಪ್ರತಿ ಖಾಲಿ ಜಾಗವೂ ಹಿಂದಿನ ಬಿಸಿಗಾಳಿ ಮುಂದಕ್ಕೆ ನುಸುಳುವ ಕಿಟಕಿ. ಅಂಗೈಯನ್ನು ಆ ಖಾಲಿ ಜಾಗದ ಮುಂದೆ ಹಿಡಿದರೆ ಬೆಚ್ಚನೆಯ ಉಸಿರು ತಾಗುತ್ತದೆ. ಟಿಶ್ಯೂ ಕಾಗದದ ಎಳೆಯೊಂದನ್ನು ತೂಗುಬಿಟ್ಟರೆ ಅದು ನಿಮ್ಮ ಕಡೆಗೇ ವಾಲುತ್ತದೆ. ಅಂಥ ಎಲ್ಲ ಜಾಗಗಳನ್ನೂ ಬ್ಲ್ಯಾಂಕಿಂಗ್ ಪ್ಯಾನೆಲ್‌ಗಳಿಂದ ಮುಚ್ಚಿ. ಸ್ಕ್ರೂ ಹಾಕುವ ಕಬ್ಬಿಣದ ಪ್ಯಾನೆಲ್‌ಗಿಂತ ಒತ್ತಿ ಕೂರಿಸುವ ಪ್ಲಾಸ್ಟಿಕ್ಕಿನದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸ್ಕ್ರೂ ಬಿಚ್ಚಿದವರು ಅದನ್ನು ಮತ್ತೆ ಹಾಕುವುದಿಲ್ಲ. ರಟ್ಟನ್ನು ಕತ್ತರಿಸಿ ಅಂಟಿಸುವ ಅಡ್ಡದಾರಿ ಬೇಡ. ಅದು ಬೆಂಕಿಗೂ ದೂಳಿಗೂ ಆಹ್ವಾನ. ಸರ್ವರ್ ಕೂರಿಸುವ ಕಂಬಿಗಳಿಗೂ ರ‍್ಯಾಕಿನ ಪಕ್ಕದ ಗೋಡೆಗೂ ನಡುವಿನ ಉದ್ದನೆಯ ಸಂದನ್ನು ಮರೆಯಬೇಡಿ. ಮುಂದುಗಡೆ ಮುಚ್ಚಿದ್ದೇವೆಂದು ನಿಶ್ಚಿಂತರಾದವರ ಕೊಠಡಿಯಲ್ಲಿ ಬಿಸಿಗಾಳಿ ಸುಳಿದು ಬರುವುದು ಆ ಸಂದಿನಿಂದಲೇ. ಫಾಲ್ಸ್ ಫ್ಲೋರ್ ಇದ್ದರೆ ಕೇಬಲ್ಲಿಗಾಗಿ ಕೊರೆದ ತೂತುಗಳನ್ನು ಬ್ರಷ್ ಪಟ್ಟಿಯಿಂದ ಮುಚ್ಚಿ, ತೂತುಳ್ಳ ಟೈಲ್‌ಗಳನ್ನು ರ‍್ಯಾಕಿನ ಮುಂದೆ ಮಾತ್ರ ಉಳಿಸಿ. ರ‍್ಯಾಕಿನ ಬಾಗಿಲು ತೆರೆದು ಪೆಡೆಸ್ಟಲ್ ಫ್ಯಾನ್ ಇಡುವವರಿದ್ದಾರೆ. ಅದು ಬಿಸಿಯನ್ನೂ ತಂಪನ್ನೂ ಇನ್ನಷ್ಟು ಬೆರೆಸುತ್ತದೆ, ಅಷ್ಟೇ.

ಇಷ್ಟು ಮಾಡಿ ಒಂದು ದಿನ ಬಿಟ್ಟು ಅಳೆದಾಗ ಆ ಕಚೇರಿಯಲ್ಲಿ ಎಸಿ ಬಿಡುತ್ತಿದ್ದ ಗಾಳಿ 14 ಡಿಗ್ರಿಯಲ್ಲೇ ಇದ್ದರೂ ಮೇಲ್ತುದಿಯ 27 ಡಿಗ್ರಿ 17ಕ್ಕೆ ಇಳಿದಿತ್ತು. ಈಗ ಎಸಿಯ ಫ್ಯಾನಿನ ವೇಗ ತಗ್ಗಿಸಬಹುದು. ಅವರು ಶೇ 70ಕ್ಕೆ ತಂದಾಗ ಬಿಡುವ ಗಾಳಿಗೂ ಮರಳುವ ಗಾಳಿಗೂ ನಡುವಿನ ಅಂತರ 6ರಿಂದ ಎಂಟೂವರೆ ಡಿಗ್ರಿಗೆ ಏರಿತು. ಫ್ಯಾನು ಕುಡಿಯುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ಶೇ 70ರ ವೇಗಕ್ಕೆ ಬೇಕಾಗುವುದು ಮೊದಲಿನ ಮೂರನೇ ಒಂದು ಭಾಗ ಮಾತ್ರ.

ಮೂರನೆಯದು ಸೆಟ್‌ಪಾಯಿಂಟ್. ಎಸಿಯಲ್ಲಿ ಅನುಕೂಲವಿದ್ದರೆ ನಿಯಂತ್ರಣವನ್ನು ಮರಳುವ ಗಾಳಿಯಿಂದ ಬಿಡುವ ಗಾಳಿಗೆ ಬದಲಾಯಿಸಿ, ವಾರಕ್ಕೆ ಒಂದೇ ಡಿಗ್ರಿಯಂತೆ ಏರಿಸಿ. ಆ ಕಚೇರಿ 14ರಿಂದ 21ಕ್ಕೆ ತಲುಪಲು ಏಳು ವಾರ ತೆಗೆದುಕೊಂಡಿತು. ಕೊನೆಗೆ ಅತಿ ಬಿಸಿಯಾದ ಸರ್ವರ್ ಮುಖದಲ್ಲಿ 24 ಡಿಗ್ರಿ ಇದ್ದರೆ, ಎಸಿಗೆ ಮರಳುವ ಗಾಳಿ ಇಪ್ಪತ್ತೊಂಬತ್ತೂವರೆ ಇತ್ತು. ಎಸಿಯ ಪರದೆಯಲ್ಲಿ 29 ಕಂಡು ಕಾವಲಿನವರು ಗಾಬರಿಯಿಂದ ಗುಂಡಿ ಒತ್ತದಂತೆ ಅಲ್ಲೇ ಒಂದು ಚೀಟಿ ಅಂಟಿಸಿಡಿ.

ಆಶ್ರೇ 27ರ ತನಕ ಒಪ್ಪುತ್ತದಾದರೂ ಸಣ್ಣ ಕೊಠಡಿಗಳಲ್ಲಿ ನಾನು 24ಕ್ಕೇ ನಿಲ್ಲಿಸುತ್ತೇನೆ. 25ರ ಆಸುಪಾಸಿನಲ್ಲಿ ಅನೇಕ ಸರ್ವರ್‌ಗಳು ತಮ್ಮ ಫ್ಯಾನುಗಳ ವೇಗ ಹೆಚ್ಚಿಸತೊಡಗುತ್ತವೆ. ಘನದ ಲೆಕ್ಕ ಅಲ್ಲಿಯೂ ನಡೆಯುವುದರಿಂದ ವೇಗ ಶೇ 20ರಷ್ಟು ಹೆಚ್ಚಿದರೆ ಅವುಗಳ ವಿದ್ಯುತ್ತು ಶೇ 73ರಷ್ಟು ಹೆಚ್ಚುತ್ತದೆ, ಎಸಿಯಲ್ಲಿ ಉಳಿಸಿದ್ದು ಸರ್ವರ್‌ನಲ್ಲಿ ಸೋರಿಹೋಗುತ್ತದೆ. ಪ್ರತಿ ವಾರ ಫ್ಯಾನಿನ ಅಂಕಿಗಳನ್ನೂ ಬರೆದಿಡಬೇಕೆನ್ನುವುದು ಇದಕ್ಕಾಗಿಯೇ. ಯುಪಿಎಸ್‌ನ ಸೀಸ-ಆಮ್ಲ ಬ್ಯಾಟರಿಗಳು ಅದೇ ಕೊಠಡಿಯಲ್ಲಿದ್ದರೆ ಅವುಗಳನ್ನು ಮೊದಲೇ ಬೇರೆ ಕಡೆ ಸಾಗಿಸಿ, ಏಕೆಂದರೆ ಸುಮಾರು 10 ಡಿಗ್ರಿ ಹೆಚ್ಚಿದರೆ ಅವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ.

ಕೊನೆಯದಾಗಿ, ಒಂದು ರಜಾದಿನ ಎಸಿಗಳಲ್ಲೊಂದನ್ನು ಬೇಕೆಂದೇ ಆರಿಸಿ, ಮೇಲ್ತುದಿಯ ಸರ್ವರ್ ಮುಖದ ಉಷ್ಣಾಂಶವನ್ನು ನಿಮಿಷಕ್ಕೊಮ್ಮೆ ಬರೆಯುತ್ತ ಹೋಗಿ, 30 ಮುಟ್ಟಿದೊಡನೆ ಮತ್ತೆ ಹಾಕಿ. ತಂಪಾಗಿಟ್ಟ ಕೊಠಡಿಗಿಂತ ಈ ಅವಧಿ ಚಿಕ್ಕದಿರುತ್ತದೆ, ಏಕೆಂದರೆ ನೀವು ಹೊರಡುವುದೇ 24ರಿಂದ. ರಾತ್ರಿ ಕರೆ ಬಂದಾಗ ಕೊಠಡಿ ತಲುಪಲು ನಿಮಗೆ ಬೇಕಾಗುವ ಸಮಯ ಅದಕ್ಕಿಂತ ಹೆಚ್ಚಾದರೆ ಸೆಟ್‌ಪಾಯಿಂಟನ್ನು ಎರಡು ಡಿಗ್ರಿ ಇಳಿಸಿ.