ಬಲ ಜಿಗಿಯುವಲ್ಲಿ ಎರಡು ಪರಿಹಾರಗಳನ್ನು ಜೋಡಿಸುವ ಬಗೆ

ಬಲ ಒಂದೇ ಒಂದು ಕಡೆ ಜಿಗಿಯುವ ಎರಡನೇ ದರ್ಜೆಯ ಸಮೀಕರಣಕ್ಕೆ ನಾನು ಲ್ಯಾಪ್ಲಾಸ್ ರೂಪಾಂತರ ಬಳಸುವುದಿಲ್ಲ. ಎರಡು ತುಂಡುಗಳಲ್ಲಿ ಬಿಡಿಸಿ ಜೋಡಿಸುತ್ತೇನೆ. ಕೆಲಸ ಕಡಿಮೆ, ಜಿಗಿತದಲ್ಲಿ ಏನಾಗುತ್ತದೆ ಎಂಬುದೂ ಕಣ್ಣಿಗೆ ಕಾಣುತ್ತದೆ.

ಈ ಸಮೀಕರಣ ನೋಡಿ: y'' + 4y = f(t), y(0) = 0, y'(0) = 0. t = π/4 ವರೆಗೆ f = 8, ಆಮೇಲೆ f = 0.

ಮೊದಲ ತುಂಡು ಸುಲಭ: y = 2 − 2cos 2t. ಇದರಿಂದ ಮುಂದಕ್ಕೆ ಬೇಕಾಗುವುದು ಎರಡೇ ಸಂಖ್ಯೆ. t = π/4 ರಲ್ಲಿ y = 2, y' = 4sin 2t = 4. ಇವೇ ಎರಡನೇ ತುಂಡಿನ ಆರಂಭಿಕ ಷರತ್ತುಗಳು.

y ಮತ್ತು y' ಮುರಿಯದೆ ದಾಟುತ್ತವೆ ಎಂಬುದಕ್ಕೆ ಕಾರಣ ಸಮೀಕರಣದಲ್ಲೇ ಇದೆ. ಜಿಗಿತದ ಆಚೀಚೆ ಚಿಕ್ಕ ಅವಧಿಯಲ್ಲಿ ಅದನ್ನು ಅನುಕಲಿಸಿದರೆ, y' ನಲ್ಲಾದ ಬದಲಾವಣೆ ಅಂದರೆ f − 4y ಯ ಅನುಕಲ. f ಜಿಗಿದರೂ ಮಿತಿಯೊಳಗೇ ಇರುವುದರಿಂದ, ಅವಧಿ ಕುಗ್ಗಿದಂತೆ ಅದು ಸೊನ್ನೆಯಾಗುತ್ತದೆ. ಜಿಗಿಯುವುದು y'' ಮಾತ್ರ.

ಎರಡನೇ ತುಂಡಿಗೆ s = t − π/4 ಎಂದು ಗಡಿಯಾರವನ್ನು ಹೊಸದಾಗಿ ಶುರುಮಾಡುತ್ತೇನೆ. y = A cos 2s + B sin 2s. s = 0 ಹಾಕಿದೊಡನೆ A = 2, 2B = 4, ಅಂದರೆ B = 2. t ಯಲ್ಲೇ ಬರೆದರೆ ಸಾಮಾನ್ಯವಾಗಿ ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾಗುತ್ತದೆ. ಘರ್ಷಣೆ ಇದ್ದರೆ ಘಾತೀಯ ಗುಣಕಗಳು ಬೇರೆ ಕಾಲಿಗೆ ತೊಡರುತ್ತವೆ.

ಮುಖ್ಯವಾಗಿ ಎಡವುವುದು ಎರಡು ಕಡೆ. y(0) = 0, y'(0) = 0 ಷರತ್ತುಗಳನ್ನೇ ಎರಡನೇ ತುಂಡಿಗೂ ಹಾಕಿದರೆ A = B = 0 ಬಂದು, 2 ರಲ್ಲಿದ್ದ y ಥಟ್ಟನೆ ಸೊನ್ನೆಗೆ ಬೀಳುತ್ತದೆ. ಇನ್ನೊಂದು, y'' ಅನ್ನೂ ಸರಿಹೊಂದಿಸಲು ಹೋಗುವುದು. ಆಗ ಎರಡು ಸ್ಥಿರಾಂಕಗಳಿಗೆ ಮೂರು ಷರತ್ತುಗಳಾಗಿ, ಒಂದಕ್ಕೊಂದು ಹೊಂದುವುದೇ ಇಲ್ಲ.

y'' ಅನ್ನು ನಾನು ತಾಳೆ ನೋಡಲಷ್ಟೇ ಬಳಸುತ್ತೇನೆ. ಜಿಗಿತಕ್ಕೆ ಮುಂಚೆ 8cos 2t = 0, ನಂತರ −4y = −8. ವ್ಯತ್ಯಾಸ −8, f ಬಿದ್ದದ್ದೂ ಅಷ್ಟೇ. ಸಮೀಕರಣ my'' ಎಂದು ಶುರುವಾಗುವುದಾದರೆ f ನ ಜಿಗಿತವನ್ನು m ನಿಂದ ಭಾಗಿಸಿ ಹೋಲಿಸಬೇಕು. ಆದರೆ ಈ ತಾಳೆ y' ನಲ್ಲಾದ ತಪ್ಪನ್ನು ಹಿಡಿಯುವುದಿಲ್ಲ: B ತಪ್ಪಿದ್ದರೂ s = 0 ಯಲ್ಲಿ y'' ಅದೇ ಬರುತ್ತದೆ. ಹಾಗಾಗಿ ಇಳಿಜಾರನ್ನು ಎರಡೂ ಕಡೆಯಿಂದ ಬೇರೆಯಾಗಿ ಲೆಕ್ಕ ಹಾಕಿ ನೋಡುವುದನ್ನು ಬಿಡಬಾರದು.

ಬಲಗಡೆ f ಬದಲು f' ಇದ್ದರೆ ಈ ನಿಯಮ ನಡೆಯದು. ಆಗ y ಮಾತ್ರ ನಿರಂತರ. y' ಗೆ f ಜಿಗಿದಷ್ಟನ್ನು, ಇಲ್ಲಿ −8 ಅನ್ನು, ಕೂಡಿಸಿಯೇ ಮುಂದಿನ ತುಂಡನ್ನು ಶುರುಮಾಡಬೇಕು.