ನಲವತ್ತು ಜನ, ಒಂದು ಡ್ರ್ಯಾಗನ್: ರೇಡ್ ನಡೆಸುವುದು ಹೇಗೆ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವವರ ನಡುವೆ ಒಂದು ಹಳೇ ಆಡಿಯೊ ಇವತ್ತಿಗೂ ಓಡಾಡುತ್ತಿದೆ. ಓನಿಕ್ಸಿಯಾ ಎಂಬ ಡ್ರ್ಯಾಗನ್ ಜೊತೆ ಕಾದಾಟ ನಡೆದಿರುತ್ತದೆ. ಮರಿ ಡ್ರ್ಯಾಗನ್‌ಗಳು ಗುಂಪುಗುಂಪಾಗಿ ನುಗ್ಗುತ್ತವೆ. ರೇಡ್, ಅಂದರೆ ಗುಂಪಾಗಿ ನಡೆಸುವ ದಾಳಿಯ ಲೀಡರ್, ಗಂಟಲು ಹರಿದುಕೊಂಡು ಕಿರುಚುತ್ತಾನೆ, ಲೂಟಿ ಹಂಚಲು ಲೆಕ್ಕ ಇಡುವ ಪಾಯಿಂಟ್‌ಗಳಲ್ಲಿ 50 ಕಟ್ ಅನ್ನುತ್ತಾನೆ. ಅದನ್ನು ಕೇಳಿ ಬಿದ್ದು ಬಿದ್ದು ನಕ್ಕವನು ನಾನು. ಆಮೇಲೆ ಅದೇ ಡ್ರ್ಯಾಗನ್ ಮುಂದೆ ಲೀಡರ್ ಆಗಿ ನಿಂತ ಮೊದಲ ರಾತ್ರಿ ನಾನೂ ಹಾಗೇ ಕಿರುಚಿದೆ. ಹಾಗಾಗಿ ಇಲ್ಲಿ ಓನಿಕ್ಸಿಯಾಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ಆಟ ಬಂದದ್ದು 2004ರಲ್ಲಿ. 2019ರಲ್ಲಿ 'ಕ್ಲಾಸಿಕ್' ಹೆಸರಲ್ಲಿ ಹಳೇ ರೂಪದಲ್ಲೇ ಮತ್ತೆ ಬಂತು. ನಾನು ಹೇಳುತ್ತಿರುವುದು ಆ ಕ್ಲಾಸಿಕ್ ಬಗ್ಗೆ. ಇದರಲ್ಲಿ ಓನಿಕ್ಸಿಯಾಳ ಗುಹೆಗೆ 40 ಜನರವರೆಗೆ ಹೋಗಬಹುದು. ಕಾದಾಟಕ್ಕೆ ಮೂರು ಹಂತ. ಅವಳ ಜೀವ 65 ಶೇಕಡಕ್ಕೆ ಇಳಿಯುವವರೆಗೆ ನೆಲದ ಮೇಲಿರುತ್ತಾಳೆ. ಅಲ್ಲಿಂದ 40 ಶೇಕಡದವರೆಗೆ ಗಾಳಿಯಲ್ಲಿ ಹಾರುತ್ತಾ ಬೆಂಕಿ ಉಂಡೆ ಎಸೆಯುತ್ತಾಳೆ. ಪಕ್ಕದ ಗೂಡುಗಳಿಂದ ಮರಿಗಳು ಬರುವುದೂ ಆಗಲೇ. ಆಮೇಲೆ ಮತ್ತೆ ನೆಲಕ್ಕಿಳಿದು ಘರ್ಜಿಸುತ್ತಾಳೆ. ಆ ಘರ್ಜನೆಗೆ ನಮ್ಮ ಪಾತ್ರಗಳು ಹೆದರಿ ದಿಕ್ಕಾಪಾಲಾಗಿ ಓಡುತ್ತವೆ.

ಮೊದಲು ಕೆಲಸ ಹಂಚಿ

40 ಜನರಿದ್ದರೆ ಎರಡು ಮೂರು ಟ್ಯಾಂಕ್, ಎಂಟು ಹತ್ತು ಹೀಲರ್ ಸಾಕು. ಉಳಿದವರೆಲ್ಲ ಹೊಡೆಯುವವರು. ಟ್ಯಾಂಕ್ ಅಂದರೆ ಏಟು ತಿನ್ನುವವನು, ಹೀಲರ್ ಅಂದರೆ ಜೀವ ತುಂಬುವವನು. ಮುಖ್ಯ ಟ್ಯಾಂಕ್ ಓನಿಕ್ಸಿಯಾಳನ್ನು ಗುಹೆಯ ಉತ್ತರದ ಗೋಡೆಗೆ ಎಳೆದುಕೊಂಡು ಹೋಗಬೇಕು, ಅವಳ ಮುಖ ಗೋಡೆ ಕಡೆ ಇರಬೇಕು. ಉಳಿದವರು ಅವಳ ಎರಡು ಮಗ್ಗುಲಲ್ಲಿ ನಿಲ್ಲಬೇಕು. ಮುಂದೆ ನಿಂತರೆ ಬೆಂಕಿಯುಸಿರು, ಹಿಂದೆ ನಿಂತರೆ ಬಾಲದ ಏಟು. ಬಾಲ ಬೀಸಿದರೆ ಸೀದಾ ಮೊಟ್ಟೆಗಳ ಮೇಲೆ ಹೋಗಿ ಬೀಳುತ್ತೀರಿ, ಮರಿಗಳು ಎದ್ದು ಬರುತ್ತವೆ.

ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಎಡವಟ್ಟಾಗುವುದು ಬೇರೆ ಕಡೆ. "ಮರಿ ಬಂದರೆ ಯಾರಾದ್ರೂ ನೋಡ್ಕೊಳಿ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮನೆಯಲ್ಲಿ ಹಾಲು ಉಕ್ಕಿದ ಹಾಗೆ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದಕ್ಕೇ ಪ್ರತಿ ಕೆಲಸಕ್ಕೆ ಒಂದು ಹೆಸರು ಬೇಕು. ಆ ಹೆಸರಿನವನು ಸತ್ತರೆ ಯಾರು ಅಂತ ಇನ್ನೊಂದು ಹೆಸರೂ ಬೇಕು. ಮಾತಲ್ಲಿ ಹೇಳಿ ಬಿಡಬೇಡಿ, ಎಲ್ಲರ ಪರದೆ ಮೇಲೆ ದೊಡ್ಡದಾಗಿ ಬರುವ ಹಾಗೆ ಬರೆದು ಹಾಕಿ:

```
/rw EAST whelps: Ragimudde, backup Kodubale
/rw WEST whelps: Chakkuli, backup Nippattu
/readycheck
```

(ನಮ್ಮ ಗುಂಪಿನಲ್ಲಿ ಪಾತ್ರಗಳ ಹೆಸರು ಹೀಗೇ. ಹಸಿವಾದಾಗ ಆಡಬಾರದು.)

ಕೂಗುವುದು ಯಾವಾಗ, ಏನಂತ

ಶುರುವಿನಲ್ಲಿ ನಾನು "ಎಡಕ್ಕೆ ಮರಿ" ಎನ್ನುತ್ತಿದ್ದೆ. ಯಾರ ಎಡ? ಗಾಳಿಯಲ್ಲಿ ಅವಳು ಸುತ್ತುತ್ತಾ ಇರುತ್ತಾಳೆ, ಅವಳನ್ನು ನೋಡುತ್ತಾ ನಾವೂ ತಿರುಗುತ್ತೇವೆ. 40 ಜನರಿಗೆ 40 ಎಡ. ನಕ್ಷೆ ತಿರುಗುವ ಸೆಟ್ಟಿಂಗ್ ಹಾಕಿಕೊಳ್ಳದಿದ್ದರೆ ಮೂಲೆಯ ಪುಟ್ಟ ನಕ್ಷೆಯಲ್ಲಿ ಉತ್ತರ ಯಾವಾಗಲೂ ಮೇಲೇ ಇರುತ್ತದೆ, ಹಾಗಾಗಿ ಪೂರ್ವ, ಪಶ್ಚಿಮ ಎಂದು ಹೇಳುವುದೇ ಸರಿ.

ಇನ್ನೊಂದು ವಿಷಯ. ಡೆಡ್ಲಿ ಬಾಸ್ ಮಾಡ್ಸ್, ಬಿಗ್‌ವಿಗ್ಸ್ ಥರದ ಆಡ್‌ಆನ್‌ಗಳು, ಅಂದರೆ ಆಟಕ್ಕೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು, ಏನು ಬರುತ್ತಿದೆ ಅಂತ ಎಲ್ಲರಿಗೂ ತಾವೇ ಎಚ್ಚರಿಸುತ್ತವೆ. ಅದನ್ನೇ ನೀವೂ ಕೂಗಿದರೆ ಸುಮ್ನೆ ಗಲಾಟೆ. ಏನು ಬರುತ್ತಿದೆ ಅಂತ ಆಡ್‌ಆನ್ ಹೇಳಲಿ, ಯಾರು ಏನು ಮಾಡಬೇಕು ಅಂತ ನೀವು ಹೇಳಿ. ಹೆಸರು ಮೊದಲು, ಜಾಗ ಆಮೇಲೆ, ಕೆಲಸ ಕೊನೆಗೆ: "ಚಕ್ಕುಲಿ, ಪಶ್ಚಿಮ, ಮರಿ." ಹೆಸರು ಕೇಳಿದ ತಕ್ಷಣ ಆ ಮನುಷ್ಯನ ಕಿವಿ ನೆಟ್ಟಗಾಗುತ್ತದೆ, ಉಳಿದ 39 ಜನ ತಮ್ಮ ಕೆಲಸದಲ್ಲಿರುತ್ತಾರೆ.

ಎಲ್ಲರಿಗೂ ಕೂಗಬೇಕಾದದ್ದು ಎರಡೇ. ಒಂದು, ಡೀಪ್ ಬ್ರೆತ್. ಗಾಳಿಯಲ್ಲಿರುವಾಗ ಪರದೆಯಲ್ಲಿ `Onyxia takes in a deep breath...` ಎಂದು ಬಂದರೆ, ಅವಳು ಮುಖ ಮಾಡಿರುವ ದಿಕ್ಕಿನಲ್ಲಿ ಗುಹೆಯುದ್ದಕ್ಕೂ ಬೆಂಕಿ ಹರಿಯುತ್ತದೆ. ಕೆಲವೇ ಸೆಕೆಂಡ್ ಸಮಯ. ಆಗ "ಪಕ್ಕಕ್ಕೆ!" ಒಂದೇ ಪದ. ದೂರದ ಸರ್ವರ್‌ನಲ್ಲಿ ಆಡುವ ನಮ್ಮಂಥವರಿಗೆ ಪಿಂಗ್ ಜಾಸ್ತಿ, ಹಾಗಾಗಿ ನೋಡಿ ಓಡೋಣ ಅಂದರೆ ತಡವಾಗಿರುತ್ತದೆ. ಅವಳು ತಿರುಗಿದ ಹಾಗೆ ನೀವೂ ಮೊದಲೇ ಪಕ್ಕಕ್ಕೆ ಸರಿಯುತ್ತಿರಬೇಕು. ಎರಡನೆಯದು, 40 ಶೇಕಡಕ್ಕೆ ಅವಳು ಇಳಿಯುವಾಗ "ಹೊಡೀಬೇಡಿ". ಟ್ಯಾಂಕ್ ಅವಳನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಮೊದಲೇ ಯಾರಾದರೂ ಜೋರಾಗಿ ಹೊಡೆದರೆ ಅವಳು ಅವರ ಮೇಲೇ ಬರುತ್ತಾಳೆ. ಟ್ಯಾಂಕ್ "ಹಿಡಿದೆ" ಎಂದ ಮೇಲೆಯೇ ಮುಂದಿನ ಏಟು.

ಸೋತ ಮೇಲೆ

ಎಲ್ಲರೂ ಸತ್ತರೆ ಅದು ವೈಪ್. ನಮ್ಮ ಮೂರನೇ ವೈಪ್ 52 ಶೇಕಡದಲ್ಲಾಯಿತು. ನಾನು "ಚಕ್ಕುಲಿ, ಪಶ್ಚಿಮ! ಚಕ್ಕುಲಿ!" ಎಂದು ಐದಾರು ಸಲ ಕೂಗಿದ್ದೆ. ಕೊನೆಯ ಸಲ ಅದು ಹೆಸರು ಕರೆದ ಹಾಗಿರಲಿಲ್ಲ, ಬೈಗುಳದ ಹಾಗಿತ್ತು. ಯಾರೋ ಮೈಕ್‌ನಲ್ಲಿ "ಹೀಲರ್‌ಗಳು ನಿದ್ದೆ ಮಾಡ್ತಿದ್ರಾ?" ಎಂದರು. ಒಬ್ಬ ಹೀಲರ್ ಡಿಸ್ಕಾರ್ಡ್ ಬಿಟ್ಟು ಹೋಗಿಯೇಬಿಟ್ಟಳು.

ಆಗ ನಾನು ಎಲ್ಲರಿಗೂ ಮೈಕ್ ಮ್ಯೂಟ್ ಮಾಡಲು ಹೇಳಿ 'ಡೀಟೇಲ್ಸ್' ಆಡ್‌ಆನ್‌ನ ಸಾವಿನ ಪಟ್ಟಿ ತೆರೆದೆ. ಅದರಲ್ಲಿ ಕೊನೆಗೆ ಸತ್ತವರನ್ನು ನೋಡಿ ಏನೂ ಪ್ರಯೋಜನವಿಲ್ಲ. ಮೊದಲು ಸತ್ತವರು ಯಾರು, ಯಾವುದರಿಂದ ಅನ್ನುವುದಷ್ಟೇ ಮುಖ್ಯ. ಮೊದಲ ಹೆಸರು ಚಕ್ಕುಲಿಯದೇ, ಬೆಂಕಿ ಉಂಡೆಯಿಂದ. ಅದಾದ ಮೇಲೆ ಪಶ್ಚಿಮದ ಮರಿಗಳಿಂದ ನಾಲ್ಕು ಹೀಲರ್‌ಗಳು. ಅಂದರೆ ನಾನು ಸತ್ತವನ ಹೆಸರು ಕೂಗುತ್ತಿದ್ದೆ. ಅವನು ಸತ್ತಿದ್ದಾದರೂ ಯಾಕೆ? ಕತ್ತಿ ಹಿಡಿದವರೆಲ್ಲ ನಡುವೆ ಗುಂಪಾಗಿ ನಿಂತಿದ್ದರು. ಒಬ್ಬನಿಗೆ ಎಸೆದ ಉಂಡೆ ಪಕ್ಕದವರಿಗೂ ಸಿಡಿಯುತ್ತಿತ್ತು.

ಹೀಲರ್‌ಗಳ ತಪ್ಪೇನೂ ಇರಲಿಲ್ಲ. ಅದನ್ನು ಎಲ್ಲರೆದುರು ಹೇಳಿದೆ, ಬಿಟ್ಟು ಹೋದವಳಿಗೆ ಬೇರೆಯಾಗಿ ಮೆಸೇಜ್ ಮಾಡಿ ಕ್ಷಮೆ ಕೇಳಿದೆ. ಬಂದಳು. ಬದಲಾಯಿಸಿದ್ದು ಎರಡೇ: ಹಾರುವ ಹಂತದಲ್ಲಿ ಎಲ್ಲರೂ ಚದುರಿ ನಿಲ್ಲಬೇಕು, ಚಕ್ಕುಲಿ ಬಿದ್ದರೆ ನಾನು ಕರೆಯುವ ಮೊದಲೇ ನಿಪ್ಪಟ್ಟು ಓಡಬೇಕು. ಪರ್ಯಾಯ ಹೆಸರು ಬರೆದು ಹಾಕುವ ಅಭ್ಯಾಸ ಶುರುವಾಗಿದ್ದು ಅವತ್ತೇ. ಒಂದೇ ಸಲ ಏಳೆಂಟು ವಿಷಯ ಬದಲಾಯಿಸಲು ಹೋಗಬೇಡಿ, ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ.

ಸೋಲು ಖಚಿತ ಅನ್ನಿಸಿದರೆ ಎಳೆಯಬೇಡಿ. ಹಾರುವ ಹಂತದಲ್ಲೇ ಮುಖ್ಯ ಟ್ಯಾಂಕ್ ಜೊತೆ ಮೂರು ನಾಲ್ಕು ಹೀಲರ್ ಹೋದರೆ "ಸಾಕು, ಬಿಡಿ" ಎಂದುಬಿಡುವುದೇ ವಾಸಿ. ವಾರ್ಲಾಕ್ ಎಂಬ ಮಾಂತ್ರಿಕ ಪಾತ್ರದ ಕೈಯಲ್ಲಿ ಒಬ್ಬ ಪ್ರೀಸ್ಟ್ ಹೀಲರ್‌ಗೆ ಮೊದಲೇ, ಸತ್ತ ಮೇಲೆ ಎದ್ದೇಳಲು ಬಿಡುವ ಸೋಲ್‌ಸ್ಟೋನ್ ಹಾಕಿಸಿಟ್ಟಿದ್ದರೆ ಅವರು ಅಲ್ಲೇ ಎದ್ದು ಉಳಿದವರನ್ನು ಎಬ್ಬಿಸಬಹುದು, ಸ್ಮಶಾನದಿಂದ ಓಡಿ ಬರುವ ಕಷ್ಟ ತಪ್ಪುತ್ತದೆ. ಪ್ರತಿ ಸಾವಿಗೂ ತೊಟ್ಟ ಕವಚ 10 ಶೇಕಡ ಸವೆಯುತ್ತದೆ, ಅದನ್ನು ಸರಿ ಮಾಡಿಸಲು ಚಿನ್ನ ಬೇಕು. ಹಾಗಾಗಿ "ರಾತ್ರಿ ಹನ್ನೊಂದೂವರೆಗೆ ಕೊನೆಯ ಪ್ರಯತ್ನ" ಅಂತ ಶುರುವಿನಲ್ಲೇ ಹೇಳಿ, ಆ ಮಾತಿಗೆ ನಿಲ್ಲಿ. "ಇನ್ನೊಂದೇ ಒಂದು" ಎಂದು ನಾನು ಎಳೆದ ರಾತ್ರಿಗಳಲ್ಲಿ ಆ ಇನ್ನೊಂದು ಯಾವತ್ತೂ ಗೆದ್ದಿಲ್ಲ.

ಅವತ್ತು ಐದನೇ ಪ್ರಯತ್ನದಲ್ಲಿ ಅವಳು ಬಿದ್ದಳು, 11:20ಕ್ಕೆ. ಆಮೇಲೆ ಅರ್ಧ ಗಂಟೆ ಜಗಳ, ಲೂಟಿಯಾಗಿ ಸಿಕ್ಕ ಅವಳ ತಲೆ ಯಾರಿಗೆ ಅಂತ. ಅದನ್ನೂ ಮೊದಲೇ ಬರೆದು ಹಾಕಬೇಕಿತ್ತು.