ಜರ್ಮನಿಯಲ್ಲಿ ಕಾರು ನಿಲ್ಲಿಸುವ ಮುಂಚೆ ಬೋರ್ಡಿನ ಫೋಟೋ ಹೀಗೆ ತೆಗೆಯಿರಿ
ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಇಲ್ಲಿಗೆ ಬರುವ ನಮ್ಮ ಹುಡುಗರು ಅವಸರದಲ್ಲಿ ಬೋರ್ಡಿನ ಅಕ್ಷರಕ್ಕೆ ಮಾತ್ರ ಝೂಮ್ ಮಾಡಿ ಫೋಟೋ ತೆಗೆಯುತ್ತಾರೆ. ಆ್ಯಪ್ ಅನುವಾದ ಸರಿಯಾಗಿಯೇ ಕೊಡುತ್ತದೆ, ಆದರೂ ಕಾರು ಟೋ ಆಗುತ್ತದೆ.

ಗಂಗಾವತಿಯ ಹುಡುಗನೊಬ್ಬನಿಗೆ ಹೀಗೇ ಆಯಿತು. ಅವನು ತೆಗೆದದ್ದು ನೀಲಿ ಪಾರ್ಕಿಂಗ್ ಬೋರ್ಡಿನ ಕೆಳಗಿನ ಪಟ್ಟಿ. ಎರಡು ಗಂಟೆ ನಿಲ್ಲಿಸಬಹುದು ಅಂತಿತ್ತು. ಸ್ವಲ್ಪ ಹಿಂದೆ ಸ್ಟ್ಯಾಂಡಿನ ಮೇಲೆ ತಾತ್ಕಾಲಿಕ ಬೋರ್ಡ್ ನಿಂತಿತ್ತು: ನೀಲಿ ವೃತ್ತ, ಕೆಂಪು ಅಂಚು, ನಡುವೆ ಕೆಂಪು ಓರೆಗೆರೆಗಳು, ಕೆಳಗೆ ಆ ದಿನದ್ದೇ ತಾರೀಖು. ಅಂದರೆ ಅವತ್ತು ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಯಾರೋ ಮನೆ ಬದಲಿಸುತ್ತಿದ್ದರು, ಲಾರಿಗೆ ಜಾಗ ಬೇಕಿತ್ತು. ತಾತ್ಕಾಲಿಕ ಬೋರ್ಡ್ ಇದ್ದಾಗ ಅದರ ಮಾತೇ ನಡೆಯುತ್ತದೆ. ನೂರಾರು ಯೂರೋ ಹೋಯಿತು.

ಅದಕ್ಕೇ ಕಂಬವನ್ನು ಮೇಲಿಂದ ಕೆಳಗಿನ ತನಕ, ಪಕ್ಕದ ರಸ್ತೆಯೂ ಕಾಣುವ ಹಾಗೆ ತೆಗೆಯಿರಿ. ರಸ್ತೆ ಯಾಕೆ ಅಂದರೆ, ವೃತ್ತದೊಳಗೆ ಬಿಳಿ ಬಾಣ ಇರುತ್ತದೆ. ಬಾಣ ರಸ್ತೆಯ ಕಡೆಗಿದ್ದರೆ ನಿಷೇಧ ಅಲ್ಲಿಂದ ಶುರು, ರಸ್ತೆಯಿಂದ ಆಚೆಗಿದ್ದರೆ ಅಲ್ಲಿಗೆ ಮುಗಿಯಿತು, ಎರಡೂ ಕಡೆಗಿದ್ದರೆ ನೀವು ನಡುವೆಯೇ ಇದ್ದೀರಿ. ಬರೀ ವೃತ್ತದ ಫೋಟೋದಲ್ಲಿ ರಸ್ತೆ ಯಾವ ಕಡೆ ಅಂತ ಹೇಗೆ ಗೊತ್ತಾಗಬೇಕು? ಒನ್‌ವೇನಲ್ಲಿ ಎಡಗಡೆ ನಿಲ್ಲಿಸಿದರೆ ಬಾಣದ ಎಡ ಬಲವೂ ಅದಲುಬದಲಾಗುತ್ತದೆ. ಅನುವಾದದ ಅಕ್ಷರ ಕೆಲವೊಮ್ಮೆ ಬಾಣ, ತಾರೀಖಿನ ಮೇಲೆಯೇ ಕೂರುತ್ತದೆ, ಆದ್ದರಿಂದ ಮೂಲ ಫೋಟೋವನ್ನೂ ನೋಡಿ. ಆಮೇಲೆ ಹಿಂದೆ ಮುಂದೆ ಒಂದೊಂದು ಕಂಬದ ತನಕ ನಡೆದು ಬನ್ನಿ.

ರಜೆಗೆ ಊರಿಗೆ ಹೋಗುವವರು ಇದನ್ನಂತೂ ತಪ್ಪದೆ ಓದಿ. ನೀವು ನಿಲ್ಲಿಸಿದಾಗ ಬೋರ್ಡೇ ಇರಲಿಲ್ಲ ಅಂದುಕೊಳ್ಳಿ. ನೀವು ಸಿಂಧನೂರಿನಲ್ಲಿ ಇರುವಾಗ ಇಲ್ಲಿ ಕಾರಿನ ಹತ್ತಿರ ತಾತ್ಕಾಲಿಕ ಬೋರ್ಡ್ ಇಟ್ಟರೆ, ಮೂರು ಪೂರ್ತಿ ದಿನ ಕಳೆದ ಮೇಲೆ, ನಾಲ್ಕನೇ ದಿನದಿಂದ, ಟೋ ಮಾಡಿದ ಖರ್ಚು ನಿಮ್ಮ ತಲೆಗೇ. ಜರ್ಮನಿಯ ಸರ್ವೋಚ್ಚ ಆಡಳಿತ ನ್ಯಾಯಾಲಯ 2018ರಲ್ಲೇ ಹೀಗೆ ಹೇಳಿದೆ. ನಾನು ಇಲ್ಲಿ ಇರಲೇ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ. ಮೊದಲೇ ತಾರೀಖು ಬರೆದು ಇಡುವ ಪದ್ಧತಿ ನಮ್ಮಲ್ಲೂ ಬರಬೇಕು ಅಂತ ನನಗೆ ಅನ್ನಿಸುತ್ತದೆ. ಆದರೆ ಬಳ್ಳಾರಿಯಲ್ಲಿ ಅಂಗಡಿಯವರು "ಸರ್, ಗಾಡಿ ತೆಗೀರಿ" ಅಂತ ಕೂಗುತ್ತಾರಲ್ವಾ, ಇಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ. ಗೆಳೆಯರಿಗೆ ಕೀಲಿ ಕೊಟ್ಟು, ಎರಡು ದಿನಕ್ಕೊಮ್ಮೆ ಕಾರಿನ ಹಿಂದೆ ಮುಂದೆ ಇರುವ ಕಂಬಗಳ ಫೋಟೋ ಕಳಿಸಲು ಹೇಳಿ.

ರೈಲು ನಿಲ್ದಾಣದ ಎಲ್‌ಇಡಿ ಬೋರ್ಡಿನದು ಬೇರೆ ತೊಂದರೆ. ಆ ದೀಪಗಳು ಕಣ್ಣಿಗೆ ಕಾಣದಷ್ಟು ಬೇಗ ಆರಿ ಹತ್ತುತ್ತವೆ, ಅದಕ್ಕೇ ಫೋಟೋದಲ್ಲಿ ಅರ್ಧ ಅಕ್ಷರ ಮಾಯ. ಪ್ಲಾಟ್‌ಫಾರ್ಮ್ ಬದಲಾದ ಸುದ್ದಿ ಕೆಳಗೆ ಓಡುವ ಸಾಲಿನಲ್ಲಿ ಇರಬಹುದು, ಒಂದು ಫೋಟೋಗೆ ಅದು ಸಿಗುವುದಿಲ್ಲ. ಆ ಸಾಲು ಒಂದು ಸುತ್ತು ಮುಗಿಯುವ ತನಕ ವಿಡಿಯೋ ಮಾಡಿ. ಆಮೇಲೆ ನಿಲ್ಲಿಸಿ ನಿಲ್ಲಿಸಿ ಓದಿ.